ಕ್ರಿಯಾಟಿನಿನ್ ಏರಿದೆ, ಆದರೂ ನೀರಿನ ಮಾತ್ರೆ ಹೆಚ್ಚಿಸುವುದೇಕೆ?

ಹೃದಯ ವೈಫಲ್ಯದಿಂದ ಕಾಲು ಊದಿಕೊಂಡು, ಮಲಗಿದರೆ ಉಸಿರು ಕಟ್ಟುತ್ತದೆಂದು ಆಸ್ಪತ್ರೆ ಸೇರಿದವರ ಮನೆಯವರಿಗೆ ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಒಂದು ಗೊಂದಲ ಎದುರಾಗುತ್ತದೆ. ಕಿಡ್ನಿ ಸೋಸಿ ಹೊರಹಾಕಬೇಕಾದ ಕಶ್ಮಲ ಕ್ರಿಯಾಟಿನಿನ್. ರಕ್ತದಲ್ಲಿ ಮೂರು ತಿಂಗಳ ಹಿಂದೆ 1.4 ಇದ್ದ ಅದು ಈಗ 2.1 ಆಗಿದೆ. 'ಕಿಡ್ನಿಗೂ ತೊಂದರೆ ಶುರುವಾಗಿದೆ' ಎಂದು ವೈದ್ಯರು ಹೇಳುತ್ತಾರೆ. ಅದೇ ಹೊತ್ತಿನಲ್ಲಿ ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಇಂಜೆಕ್ಷನ್ನಿನ ಪ್ರಮಾಣವನ್ನು ಇಮ್ಮಡಿ ಮಾಡುತ್ತಾರೆ. ನೀರಿನ ಮಾತ್ರೆ ಹೆಚ್ಚಾದರೆ ಕಿಡ್ನಿ ಒಣಗುತ್ತದೆ ಎಂದು ಕೇಳಿಕೊಂಡು ಬಂದವರಿಗೆ ಇದು ಎಲ್ಲೋ ತಪ್ಪಿದಂತೆ ಕಾಣುವುದು ಸಹಜ.

ಹೃದಯ ಮತ್ತು ಕಿಡ್ನಿ ಒಂದನ್ನೊಂದು ಕೆಡಿಸುತ್ತ ಹೋಗುವ ಈ ಸ್ಥಿತಿಗೆ ಕಾರ್ಡಿಯೋರೀನಲ್ ಸಿಂಡ್ರೋಮ್ ಎಂದು ಹೆಸರು. ಯಾವುದು ಮೊದಲು ಕೆಟ್ಟಿತು, ದಿಢೀರನೆ ಕೆಟ್ಟಿತೋ ನಿಧಾನವಾಗಿ ಕೆಟ್ಟಿತೋ ಎಂಬುದರ ಮೇಲೆ 2008ರಲ್ಲಿ ತಜ್ಞರು ಇದನ್ನು ಐದು ಬಗೆಗಳಾಗಿ ವಿಂಗಡಿಸಿದರು. ಇಲ್ಲಿ ನೋಡುತ್ತಿರುವುದು ಮೊದಲನೆಯ ಬಗೆಯನ್ನು. ಅದರಲ್ಲಿ ಹೃದಯ ವೈಫಲ್ಯ ಏಕಾಏಕಿ ಉಲ್ಬಣಿಸುತ್ತದೆ, ಅದರ ಬೆನ್ನಿಗೆ ಕಿಡ್ನಿ ಸೋಲುತ್ತದೆ. ಆಸ್ಪತ್ರೆಯ ವಾರ್ಡುಗಳಲ್ಲಿ ಮನೆಯವರನ್ನು ಹೆಚ್ಚು ಕಂಗೆಡಿಸುವುದೂ ಇದೇ.

## ಕಿಡ್ನಿಗೆ ಹೃದಯದಿಂದ ಏನು ಬೇಕು

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಮುಂದಕ್ಕೆ ತಳ್ಳಲು ಅದಕ್ಕೆ ಆಗುತ್ತಿಲ್ಲ, ಅಥವಾ ತಳ್ಳಬೇಕಾದರೆ ಒಳಗೆ ಒತ್ತಡ ಅತಿಯಾಗಿ ಏರಬೇಕಾಗುತ್ತದೆ ಎಂದರ್ಥ.

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹೊರಡಿಸುತ್ತದೆ. ಅದರಲ್ಲಿ ಸರಿಸುಮಾರು 1 ಲೀಟರ್, ಅಂದರೆ ಐದನೆಯ ಒಂದು ಪಾಲು, ಮುಷ್ಟಿ ಗಾತ್ರದ ಎರಡು ಕಿಡ್ನಿಗಳಿಗೇ ಹೋಗುತ್ತದೆ. ಪ್ರತಿ ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿವೆ. ಇವು ನೆಫ್ರಾನ್‌ಗಳು. ನೆಫ್ರಾನ್ ಎಂದರೆ ತುದಿಯಲ್ಲಿ ಒಂದು ಜರಡಿ, ಅದರ ಹಿಂದೆ ಒಂದು ಉದ್ದನೆಯ ನಾಳ. ಎಲ್ಲ ಜರಡಿಗಳೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಆ ದ್ರವದಲ್ಲಿರುವ ಸೋಡಿಯಂ ಅನ್ನು ಅಡುಗೆ ಉಪ್ಪಿನ ಲೆಕ್ಕಕ್ಕೆ ತಂದರೆ ಹತ್ತಿರ ಹತ್ತಿರ ಒಂದೂವರೆ ಕಿಲೋ! ನಾಳವು ಅದರಲ್ಲಿ ಶೇ 99ಕ್ಕೂ ಹೆಚ್ಚನ್ನು ರಕ್ತಕ್ಕೆ ಹಿಂದಿರುಗಿಸುತ್ತದೆ. ಉಳಿದ ಒಂದೆರಡು ಲೀಟರ್ ಮೂತ್ರವಾಗಿ ಹೊರಬರುತ್ತದೆ.

ಜರಡಿ ಕೆಲಸ ಮಾಡಲು ಒತ್ತಡ ಬೇಕು. ಒಳಗೆ ಬರುವ ಅಪಧಮನಿಯ ಒತ್ತಡಕ್ಕೂ ಹೊರಗೆ ಹೋಗುವ ಅಭಿಧಮನಿಯ ಒತ್ತಡಕ್ಕೂ ಇರುವ ಅಂತರವೇ ಕಿಡ್ನಿಯೊಳಗೆ ರಕ್ತವನ್ನು ಹರಿಸುವ ಬಲ. ಆರೋಗ್ಯವಂತರಲ್ಲಿ ಸರಾಸರಿ ಅಪಧಮನಿ ಒತ್ತಡ 90 ಇದ್ದರೆ ಅಭಿಧಮನಿಯಲ್ಲಿ 5ರ ಆಸುಪಾಸು. ಅಂತರ 85. ಈ ಲೆಕ್ಕದಲ್ಲಿ ಎರಡನೆಯ ಸಂಖ್ಯೆಯನ್ನು ಬಹಳ ಕಾಲ ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ.

## ಕೆಡಿಸುವುದು ಹಿನ್ನೀರು

'ಹೃದಯ ಸೋತಿದೆ, ಕಿಡ್ನಿಗೆ ರಕ್ತ ಸಾಲದು, ಅದಕ್ಕೇ ಕಿಡ್ನಿ ಸೊರಗಿದೆ' ಎಂಬ ವಿವರಣೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಉಳಿದರ್ಧ ತಿಳಿಯಲು ಅಣೆಕಟ್ಟೆಯನ್ನು ನೆನೆಯಬೇಕು. ಗೇಟಿನಿಂದ ನೀರು ಹೊರಗೆ ಹೋಗದಿದ್ದರೆ ಕೆಳಗಿನ ಗದ್ದೆ ಒಣಗುತ್ತದೆ. ಅದರ ಜೊತೆಗೇ ಮೇಲ್ಭಾಗದಲ್ಲಿ ಹಿನ್ನೀರು ಏರಿ ಊರು ತೋಟಗಳನ್ನು ಮುಳುಗಿಸುತ್ತದೆ. ಹೃದಯದ ಬಲಭಾಗ ತನಗೆ ಬಂದ ರಕ್ತವನ್ನು ಮುಂದೆ ಸಾಗಿಸದೇ ಹೋದಾಗ ಅಭಿಧಮನಿಗಳಲ್ಲಿ ಇಂಥದೇ ಹಿನ್ನೀರು ನಿಲ್ಲುತ್ತದೆ. ಪಾದ ಊದುವುದು, ಹೊಟ್ಟೆಯಲ್ಲಿ ನೀರು ತುಂಬುವುದು, ಕುತ್ತಿಗೆಯ ನರ ಉಬ್ಬುವುದು ಎಲ್ಲವೂ ಅದರ ಗುರುತುಗಳು. ಕಿಡ್ನಿ ಇರುವುದೂ ಆ ಮುಳುಗಡೆ ಪ್ರದೇಶದಲ್ಲೇ.

ಅಭಿಧಮನಿಯ ಒತ್ತಡ 5ರಿಂದ 20ಕ್ಕೆ ಏರಿತು, ಅಪಧಮನಿಯ ಸರಾಸರಿ 81ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಅಂತರ 61. ಬಿ.ಪಿ. ಇಳಿದದ್ದು ಸ್ವಲ್ಪವೇ, ಆದರೆ ಹಿನ್ನೀರಿನ ಒತ್ತಡ ಅದಕ್ಕಿಂತ ಹೆಚ್ಚನ್ನು ಕಸಿದುಕೊಂಡಿದೆ. ಇದು ಅಷ್ಟಕ್ಕೇ ನಿಲ್ಲುವುದಿಲ್ಲ. ಕಿಡ್ನಿಯ ಸುತ್ತ ಬಿಗಿಯಾದ ಪೊರೆಯಿದೆ, ಅದು ಹಿಗ್ಗುವುದಿಲ್ಲ. ಒಳಗೆ ಊತ ಬಂದಾಗ ಸಣ್ಣ ನಾಳಗಳು ಅದುಮಿಕೊಳ್ಳುತ್ತವೆ, ಸೋಸಿದ ದ್ರವ ಮುಂದೆ ಸಾಗದೆ ನಾಳದೊಳಗೇ ಒತ್ತಡ ಏರುತ್ತದೆ. ಮನೆಯ ಕಾಫಿ ಫಿಲ್ಟರಿನ ಕೆಳಗಿನ ಪಾತ್ರೆಯಲ್ಲಿ ಡಿಕಾಕ್ಷನ್ ಜರಡಿಯ ಮಟ್ಟಕ್ಕೆ ತುಂಬಿದರೆ ಮೇಲೆ ಎಷ್ಟು ಬಿಸಿನೀರು ಸುರಿದರೂ ತೊಟ್ಟಿಕ್ಕುವುದು ನಿಲ್ಲುತ್ತದಲ್ಲ, ಅದೇ ಪರಿ.

ಹೊಸದಾಗಿ ಕಂಡುಕೊಂಡ ಸಂಗತಿಯೇನೂ ಅಲ್ಲ ಇದು. 1931ರಲ್ಲೇ ವಿಂಟನ್ ಎಂಬ ಶರೀರಶಾಸ್ತ್ರಜ್ಞರು ನಾಯಿಯ ಕಿಡ್ನಿಯನ್ನು ಬೇರ್ಪಡಿಸಿ, ಅದರ ಅಭಿಧಮನಿಯ ಒತ್ತಡವನ್ನು ಮಾತ್ರ ಏರಿಸಿ, ಮೂತ್ರ ಕಡಿಮೆಯಾಗುವುದನ್ನು ತೋರಿಸಿದ್ದರು. ಆದರೂ ಗಮನವೆಲ್ಲ ಮುಂದಿನ ಹರಿವಿನ ಮೇಲೆಯೇ ಉಳಿಯಿತು. 2009ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ಹೃದಯ ವೈಫಲ್ಯ ಉಲ್ಬಣಿಸಿದ 145 ರೋಗಿಗಳ ಹೃದಯದೊಳಗಿನ ಒತ್ತಡಗಳನ್ನು ನೇರವಾಗಿ ಅಳೆದು ವರದಿ ಮಾಡಿದರು. ಯಾರ ಕಿಡ್ನಿ ಮತ್ತಷ್ಟು ಕೆಡುತ್ತದೆ ಎಂಬುದನ್ನು ಹೃದಯ ಎಷ್ಟು ರಕ್ತ ತಳ್ಳುತ್ತಿದೆ ಎಂಬ ಅಳತೆಗಿಂತ ಅಭಿಧಮನಿಯ ಒತ್ತಡವೇ ಚೆನ್ನಾಗಿ ಸೂಚಿಸಿತ್ತು.

ಶೀರ್ಷಿಕೆಯ ಪ್ರಶ್ನೆಗೆ ಮುಖ್ಯ ಉತ್ತರ ಇಲ್ಲಿಯೇ ಇದೆ. ಕಿಡ್ನಿ ಕೆಟ್ಟದ್ದು ಹಿನ್ನೀರಿನಿಂದಾದರೆ, ಹಿನ್ನೀರು ಇಳಿಸುವುದೇ ಕಿಡ್ನಿಗೆ ಚಿಕಿತ್ಸೆ.

## ಬರವೆಂದು ತಪ್ಪು ತಿಳಿದ ಕಿಡ್ನಿ

ದೇಹದಲ್ಲಿ ಎಂಟು ಲೀಟರ್ ನೀರು ಹೆಚ್ಚಿದ್ದರೂ ಕಿಡ್ನಿ ಅದನ್ನು ಅರಿಯುವುದಿಲ್ಲ. ಅದಕ್ಕೆ ಗೊತ್ತಾಗುವುದು ತನ್ನ ಅಪಧಮನಿಗೆ ಬರುವ ಹರಿವು ಮಾತ್ರ. ಆ ಹರಿವು ಇಳಿದಾಗ 'ರಕ್ತಸ್ರಾವವೋ, ಭೇದಿಯೋ ಆಗಿದೆ, ನೀರು ಉಳಿಸಬೇಕು' ಎಂದು ಅದು ಎಣಿಸುತ್ತದೆ. ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಅದರಿಂದ ಆಂಜಿಯೋಟೆನ್ಸಿನ್ ಹುಟ್ಟಿ ರಕ್ತನಾಳಗಳನ್ನು ಬಿಗಿಯುತ್ತದೆ, ಆಲ್ಡೋಸ್ಟೀರೋನ್ ಎಂಬ ಹಾರ್ಮೋನ್ ಬಂದು ಉಪ್ಪನ್ನು ಹೊರಹೋಗಗೊಡದೆ ಹಿಡಿಯುತ್ತದೆ. ನಿಜವಾದ ಬರದಲ್ಲಿ ಜೀವ ಉಳಿಸುವ ಏರ್ಪಾಡು ಇದು. ನೆರೆಯ ನಡುವೆ ಅದೇ ಏರ್ಪಾಡು ಚಾಲೂ ಆದರೆ ನೆರೆ ಹೆಚ್ಚುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸಲೀಸು. ದೇಹ ತನ್ನ ದ್ರವದ ಉಪ್ಪಿನಂಶವನ್ನು ಲೀಟರಿಗೆ ಸುಮಾರು 9 ಗ್ರಾಂ ಮಟ್ಟದಲ್ಲಿ ಕಾಯ್ದುಕೊಳ್ಳುತ್ತದೆ. ಸಲೈನ್ ಬಾಟಲಿಯ ಮೇಲಿನ '0.9 ಶೇಕಡ' ಎಂದರೂ ಇದೇ. ಹಾಗಾಗಿ ಹೊರಹೋಗದೆ ಉಳಿದ ಪ್ರತಿ 9 ಗ್ರಾಂ ಉಪ್ಪಿಗೂ ಒಂದು ಲೀಟರ್ ನೀರು ಜೊತೆಯಾಗುತ್ತದೆ, ತೂಕ ಒಂದು ಕಿಲೋ ಏರುತ್ತದೆ. 8 ಕಿಲೋ ಊತ ಎಂದರೆ 72 ಗ್ರಾಂ ಉಪ್ಪು. ಊತ ಇಳಿಸುವುದೆಂದರೆ ನಿಜವಾಗಿ ಈ ಉಪ್ಪನ್ನು ಹೊರಹಾಕುವುದು.

ಕಿಡ್ನಿ ಸೋತಷ್ಟೂ ಹೃದಯದ ಮೇಲೆ ಹೊರೆ ಬೀಳುತ್ತದೆ. ಮೊದಲೇ ಹಿಗ್ಗಿದ ಹೃದಯ ಉಳಿದ ಉಪ್ಪುನೀರಿನಿಂದ ಇನ್ನಷ್ಟು ಹಿಗ್ಗುತ್ತದೆ. ರಕ್ತಕಣಗಳ ಉತ್ಪತ್ತಿಗೆ ಕಿಡ್ನಿ ಕಳಿಸಬೇಕಾದ ಎರಿತ್ರೋಪೊಯೆಟಿನ್ ಕಡಿಮೆಯಾಗಿ ರಕ್ತಹೀನತೆ ಬಂದರೆ, ಅಷ್ಟೇ ಆಮ್ಲಜನಕ ತಲುಪಿಸಲು ಹೃದಯ ಹೆಚ್ಚು ದುಡಿಯಬೇಕು. ಪೊಟ್ಯಾಸಿಯಂ ಹೊರಹೋಗದೆ ಏರಿದರೆ ಹೃದಯದ ಬಡಿತದ ಲಯ ತಪ್ಪಬಹುದು. ಅಷ್ಟೇ ಅಲ್ಲ, ಹೃದಯವನ್ನು ಕಾಯುವ ಸ್ಪೈರೊನೊಲ್ಯಾಕ್ಟೋನ್‌ನಂಥ ಔಷಧಿಗಳನ್ನು ಆ ಪೊಟ್ಯಾಸಿಯಂ ಕಾರಣಕ್ಕೇ ನಿಲ್ಲಿಸಬೇಕಾಗಿ ಬರುತ್ತದೆ.

## ಲ್ಯಾಸಿಕ್ಸ್ ಸಾಗುವ ದಾರಿ, ಅದು ತಪ್ಪುವ ಜಾಗಗಳು

ಮೂತ್ರ ಹೆಚ್ಚಿಸುವ ಔಷಧಿಗಳಲ್ಲಿ ಮುಖ್ಯವಾದವು ಫ್ಯೂರೋಸಮೈಡ್ ಮತ್ತು ಟಾರ್ಸೆಮೈಡ್. ಲ್ಯಾಸಿಕ್ಸ್ ಎಂಬುದು ಫ್ಯೂರೋಸಮೈಡಿನ ಮಾರಾಟದ ಹೆಸರು. ಸೋಸಿದ ಉಪ್ಪನ್ನು ನಾಳ ನಾಲ್ಕು ಹಂತಗಳಲ್ಲಿ ಹಿಂದಕ್ಕೆ ಎತ್ತಿಕೊಳ್ಳುತ್ತದೆ. ಮೊದಲ ಭಾಗದಲ್ಲಿ ಸುಮಾರು ಶೇ 65, ಹೇರ್‌ಪಿನ್ನಿನಂತೆ ಬಾಗಿದ ಎರಡನೆಯ ಭಾಗದಲ್ಲಿ ಶೇ 25, ಕೊನೆಯ ಎರಡು ಭಾಗಗಳಲ್ಲಿ ಉಳಿದದ್ದು. ಬಾಗಿದ ಆ ಭಾಗವೇ ಲೂಪ್. ಅಲ್ಲಿ ಉಪ್ಪು ಎತ್ತುವ ಪಂಪನ್ನು ಫ್ಯೂರೋಸಮೈಡ್ ತಡೆಯುತ್ತದೆ.

ಸಾಕಷ್ಟು ಪ್ರಮಾಣ ಕೊಟ್ಟರೂ ಉಪ್ಪು ಹೊರಬಾರದೆ ಊತ ಹಾಗೇ ಉಳಿದರೆ ಅದನ್ನು ಮೂತ್ರವರ್ಧಕ ಪ್ರತಿರೋಧ ಎನ್ನುತ್ತಾರೆ. 'ಔಷಧಿ ಹತ್ತುತ್ತಿಲ್ಲ' ಎಂದು ವಾರ್ಡಿನಲ್ಲಿ ಹೇಳುವುದು ಇದನ್ನೇ. ಕಾರಣ ಒಂದೇ ಅಲ್ಲ. ಬಾಯಿಯಿಂದ ಲೂಪ್ ತನಕದ ದಾರಿಯಲ್ಲಿ ಔಷಧಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಬೇಕು.

ಮೊದಲ ಜಾಗ ಕರುಳು. ಫ್ಯೂರೋಸಮೈಡ್ ಮಾತ್ರೆಯಲ್ಲಿ ರಕ್ತ ಸೇರುವುದು ಸರಾಸರಿ ಅರ್ಧ, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ, ದಿನದಿಂದ ದಿನಕ್ಕೆ ಇದು ಶೇ 10ರಿಂದ 90ರವರೆಗೂ ಹೊಯ್ದಾಡುತ್ತದೆ. ಕರುಳೂ ಊದಿಕೊಂಡಿದ್ದಾಗ ಮಾತ್ರೆ ನಿಧಾನವಾಗಿ ರಕ್ತ ಸೇರುತ್ತದೆ, ರಕ್ತದಲ್ಲಿ ಅದರ ಮಟ್ಟ ಒಮ್ಮೆಗೇ ಎತ್ತರಕ್ಕೆ ಏರುವುದಿಲ್ಲ. ಮನೆಯಲ್ಲಿ ಮಾತ್ರೆ ತಪ್ಪದೆ ನುಂಗಿದರೂ ಊತ ಏರಿತು, ಅದೇ ಔಷಧಿಯನ್ನು ನರಕ್ಕೆ ಕೊಟ್ಟಾಗ ಇಳಿಯಿತು ಎಂಬುದರ ಹಿಂದಿನ ಕಾರಣ ಇದು. ಟಾರ್ಸೆಮೈಡ್ ಶೇ 80ಕ್ಕಿಂತ ಹೆಚ್ಚು ರಕ್ತ ಸೇರುತ್ತದೆ. ಹಾಗೆಂದು ಅದು ಆಯುಷ್ಯ ಹೆಚ್ಚಿಸುತ್ತದೆ ಎನ್ನುವಂತಿಲ್ಲ. ಎರಡನ್ನೂ ಹೋಲಿಸಿ 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಎರಡನೆಯ ಜಾಗ ನಾಳದ ಬಾಗಿಲು. ಈ ಔಷಧಿ ರಕ್ತದಲ್ಲಿ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡು ತಿರುಗುವುದರಿಂದ ಜರಡಿಯ ಮೂಲಕ ಸೋಸಿ ಬರುವುದಿಲ್ಲ. ನಾಳದ ಮೊದಲ ಭಾಗದ ಕೋಶಗಳು ಅದನ್ನು ರಕ್ತದಿಂದ ಹಿಡಿದು ನಾಳದೊಳಕ್ಕೆ ದಾಟಿಸಬೇಕು. ಅದು ಕೆಲಸ ಮಾಡುವುದು ನಾಳದ ಒಳಮೈಯಿಂದ ಮಾತ್ರ. ಕಿಡ್ನಿ ಸೋತಾಗ ರಕ್ತದಲ್ಲಿ ಉಳಿದ ಕಶ್ಮಲಗಳೂ ಅದೇ ಬಾಗಿಲಲ್ಲಿ ನೂಕುನುಗ್ಗಲು ಮಾಡುತ್ತವೆ. ನೂರು ಜನರ ಸಾಲಿನಲ್ಲಿ ನಮ್ಮವರು ಹತ್ತು ಮಂದಿ ಒಳಹೋಗಬೇಕಾದರೆ ಹೆಚ್ಚು ಮಂದಿಯನ್ನು ಸಾಲಿಗೆ ನಿಲ್ಲಿಸಲೇಬೇಕು. ಕ್ರಿಯಾಟಿನಿನ್ ಏರಿದವರಿಗೆ ಕಡಿಮೆಯಲ್ಲ, ಹೆಚ್ಚು ಪ್ರಮಾಣ ಬೇಕಾಗುವುದು ಇದರಿಂದ.

ಇದರ ಜೊತೆಗೆ ಈ ಔಷಧಿಗೆ ಒಂದು ಹೊಸ್ತಿಲಿದೆ. ನಾಳದೊಳಗಿನ ಪ್ರಮಾಣ ಹೊಸ್ತಿಲು ಮುಟ್ಟುವವರೆಗೆ ಬಹುತೇಕ ಏನೂ ಆಗುವುದಿಲ್ಲ. ದಾಟಿದ ಮೇಲೆ ಉಪ್ಪು ಧಾರಾಳವಾಗಿ ಬರುತ್ತದೆ. ಒಂದು ಮಟ್ಟದ ಮೇಲೆ ಇನ್ನೆಷ್ಟು ಸುರಿದರೂ ಹೆಚ್ಚು ಬರುವುದಿಲ್ಲ. ಒಬ್ಬರಿಗೆ ಹೊಸ್ತಿಲು 80 ಮಿ.ಗ್ರಾಂ ಇದ್ದಾಗ 40 ಮಿ.ಗ್ರಾಂ ಅನ್ನು ದಿನಕ್ಕೆ ನಾಲ್ಕು ಬಾರಿ ಕೊಟ್ಟರೆ ನಾಲ್ಕೂ ವ್ಯರ್ಥ, 80 ಅನ್ನು ಎರಡು ಬಾರಿ ಕೊಟ್ಟರೆ ಎರಡೂ ಫಲಿಸುತ್ತವೆ. ಅದಕ್ಕೇ ಮೊದಲು ಏರಿಸುವುದು ಒಂದು ಬಾರಿಯ ಪ್ರಮಾಣವನ್ನು, ಬಾರಿಗಳ ಸಂಖ್ಯೆಯನ್ನಲ್ಲ.

ಮೂರನೆಯ ಜಾಗ ಲೂಪ್ ದಾಟಿದ ಮೇಲೆ, ಮತ್ತು ಅತಿ ಹಟಮಾರಿ ಜಾಗ ಅದೇ. ರಾಗಿ ಹೊಲದ ಕೊಯ್ಲು ಮುಗಿದ ಮೇಲೆ ಬಿದ್ದ ತೆನೆ ಆಯಲು ಹಕ್ಕಲಿನವರು ಬರುತ್ತಾರೆ. ಕೊಯ್ಲು ಸರಿಯಾಗಿದ್ದರೆ ಅವರಿಗೆ ಸಿಗುವುದು ಅಲ್ಪ. ಕೊಯ್ಲಿನ ಆಳುಗಳನ್ನೇ ತಡೆದುಬಿಟ್ಟರೆ ಹೊಲದ ತುಂಬ ತೆನೆ, ಹಕ್ಕಲಿನವರಿಗೆ ಸುಗ್ಗಿ. ಫ್ಯೂರೋಸಮೈಡ್ ಲೂಪನ್ನು ತಡೆದಾಗ ಉಪ್ಪು ರಾಶಿಯಾಗಿ ಮುಂದಿನ ಭಾಗಕ್ಕೆ ಬರುತ್ತದೆ, ಅಲ್ಲಿನ ಕೋಶಗಳು ಅದನ್ನು ಆಯ್ದುಕೊಳ್ಳುತ್ತವೆ. ವಾರಗಟ್ಟಲೆ ಹೀಗೇ ನಡೆದರೆ ಆ ಕೋಶಗಳು ಗಾತ್ರದಲ್ಲಿ ದೊಡ್ಡವಾಗುತ್ತವೆ, ಅವುಗಳ ಪಂಪುಗಳೂ ಹೆಚ್ಚುತ್ತವೆ. ವರ್ಷಗಳಿಂದ ಮಾತ್ರೆ ತೆಗೆದುಕೊಂಡವರಲ್ಲಿ ಲೂಪ್ ಪೂರ್ತಿ ಮುಚ್ಚಿದರೂ ಮೂತ್ರದಲ್ಲಿ ಉಪ್ಪು ಕಾಣದಿರುವುದು ಇದಕ್ಕೇ.

ದಿನದ ಲೆಕ್ಕದಲ್ಲಿ ಇನ್ನೊಂದು ಸೋರಿಕೆ ಇದೆ. ಫ್ಯೂರೋಸಮೈಡಿನ ಕೆಲಸ ಆರು ಗಂಟೆಯಷ್ಟು. ಅದು ಮುಗಿದ ಮೇಲೆ ಮುಂದಿನ ಬಾರಿಯವರೆಗೆ ಕಿಡ್ನಿ ಇನ್ನಷ್ಟು ಬಿಗಿಯಾಗಿ ಉಪ್ಪು ಹಿಡಿಯುತ್ತದೆ. ಬೆಳಿಗ್ಗೆ ಮಾತ್ರೆ ನುಂಗಿ ರಾತ್ರಿ ಉಪ್ಪಿನಕಾಯಿ, ಹಪ್ಪಳದ ಜೊತೆ ಊಟ ಮಾಡಿದರೆ ಹಗಲು ಕಳೆದದ್ದು ರಾತ್ರಿ ಮರಳಿ ಬರುತ್ತದೆ.

ನೋವಿನ ಮಾತ್ರೆಗಳ ವಿಚಾರವನ್ನು ಒತ್ತಿ ಹೇಳಲೇಬೇಕು. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಇವೆಲ್ಲ ಕಿಡ್ನಿಯ ಪ್ರೊಸ್ಟಗ್ಲಾಂಡಿನ್‌ಗಳನ್ನು ತಡೆಯುತ್ತವೆ. ಹರಿವು ಕಡಿಮೆಯಾದ ಹೊತ್ತಿನಲ್ಲಿ ಕಿಡ್ನಿಗೆ ಬರುವ ರಕ್ತನಾಳವನ್ನು ತೆರೆದಿಡುವುದು ಅವೇ ಪ್ರೊಸ್ಟಗ್ಲಾಂಡಿನ್‌ಗಳು. ಆ ಮಾತ್ರೆಗಳಿಂದ ಲ್ಯಾಸಿಕ್ಸಿನ ಬಲವೂ ತಗ್ಗುತ್ತದೆ, ಉಪ್ಪೂ ನಿಲ್ಲುತ್ತದೆ. ಮಂಡಿನೋವಿಗೆಂದು ಅಂಗಡಿಯಲ್ಲಿ ಕೇಳಿ ತಂದ ಹತ್ತು ಮಾತ್ರೆ ಸಾಕು, ಸ್ಥಿರವಾಗಿದ್ದವರು ಆಸ್ಪತ್ರೆ ಸೇರಲು.

## ಒಂದು ಉದಾಹರಣೆ, ದಿನದಿನದ ಲೆಕ್ಕ

ಮುಂದಿನದು ಲೆಕ್ಕ ತಿಳಿಯಲೆಂದು ಕಟ್ಟಿದ ಉದಾಹರಣೆ. 64 ವರ್ಷದ ಗಂಡಸು, ಊತವಿಲ್ಲದ ತೂಕ 66 ಕಿಲೋ. ಮನೆಯಲ್ಲಿ ಲ್ಯಾಸಿಕ್ಸ್ 40 ಮಿ.ಗ್ರಾಂ ದಿನಕ್ಕೆರಡು ಬಾರಿ. ಹತ್ತು ದಿನ ಡೈಕ್ಲೋಫೆನಾಕ್ ತೆಗೆದುಕೊಂಡಿದ್ದಾರೆ. ಆಸ್ಪತ್ರೆಗೆ ಬಂದಾಗ ತೂಕ 74, ಬಿ.ಪಿ. 104/70, ಕುತ್ತಿಗೆಯ ನರ ದವಡೆಯವರೆಗೆ ಉಬ್ಬಿದೆ, ಕ್ರಿಯಾಟಿನಿನ್ 2.1. ಸ್ಕ್ಯಾನಿನಲ್ಲಿ ಹೊಟ್ಟೆಯ ಮಹಾ ಅಭಿಧಮನಿ 2.1 ಸೆಂ.ಮೀ.ಗಿಂತ ಅಗಲವಾಗಿದೆ, ಉಸಿರೆಳೆದರೂ ಕುಗ್ಗುತ್ತಿಲ್ಲ. ಹಿನ್ನೀರು ನಿಂತಿರುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಡೈಕ್ಲೋಫೆನಾಕ್ ನಿಲ್ಲಿಸಲಾಯಿತು. ಮನೆಯಲ್ಲಿ ದಿನಕ್ಕೆ ತೆಗೆದುಕೊಳ್ಳುತ್ತಿದ್ದ ಒಟ್ಟು ಪ್ರಮಾಣದ ಒಂದರಿಂದ ಎರಡು ಪಟ್ಟನ್ನು ನರಕ್ಕೆ ಕೊಟ್ಟು ಆರಂಭಿಸುವುದು ರೂಢಿ. ಹಾಗಾಗಿ ಬೆಳಿಗ್ಗೆ 10ಕ್ಕೆ 80 ಮಿ.ಗ್ರಾಂ ಕೊಟ್ಟರು. ಫಲವನ್ನು ಮರುದಿನದವರೆಗೆ ಕಾಯಬೇಕಿಲ್ಲ. ಎರಡು ಗಂಟೆಯ ನಂತರದ ಮೂತ್ರದಲ್ಲಿ ಸೋಡಿಯಂ ಅಳೆದರೆ ಲೀಟರಿಗೆ 50ರಿಂದ 70 ಮಿಲಿಮೋಲ್‌ಗಿಂತ ಹೆಚ್ಚಿರಬೇಕು, ಮೊದಲ ಆರು ಗಂಟೆ ಮೂತ್ರ ಗಂಟೆಗೆ 100ರಿಂದ 150 ಮಿ.ಲೀ. ದಾಟಬೇಕು. ಇವರಲ್ಲಿ ಸೋಡಿಯಂ 38, ಆರು ಗಂಟೆಯ ಮೂತ್ರ 380 ಮಿ.ಲೀ. ಎರಡನ್ನೂ ಗುಣಿಸಿದರೆ ಸುಮಾರು 14 ಮಿಲಿಮೋಲ್, ಅಂದರೆ ಒಂದು ಗ್ರಾಂ ಉಪ್ಪೂ ಇಲ್ಲ. ಮಧ್ಯಾಹ್ನದ ಸಾರಿನಲ್ಲಿ ಅದಕ್ಕಿಂತ ಹೆಚ್ಚು ಹೊಟ್ಟೆಗೆ ಹೋಗಿರುತ್ತದೆ.

ಹೊಸ್ತಿಲು ದಾಟಿಲ್ಲ. ಸಂಜೆ 4ಕ್ಕೆ ಪ್ರಮಾಣ ಇಮ್ಮಡಿಯಾಯಿತು, 160 ಮಿ.ಗ್ರಾಂ. ಇದನ್ನು ಒಮ್ಮೆಲೇ ಚುಚ್ಚುವಂತಿಲ್ಲ. ನಿಮಿಷಕ್ಕೆ 4 ಮಿ.ಗ್ರಾಂಗಿಂತ ವೇಗವಾದರೆ ಕಿವಿಗೆ ಪೆಟ್ಟಾಗಬಹುದು, ಕಿಡ್ನಿ ಸೋತವರಲ್ಲಿ ಆ ಅಪಾಯ ಹೆಚ್ಚು. ಆದ್ದರಿಂದ 40 ನಿಮಿಷ ನಿಧಾನವಾಗಿ ಹರಿಸಿದರು. ಈ ಸಲ ಸೋಡಿಯಂ 85, ಆರು ಗಂಟೆಯಲ್ಲಿ 1,100 ಮಿ.ಲೀ. ಮೂತ್ರ. ಉಪ್ಪಿನ ಲೆಕ್ಕದಲ್ಲಿ ಐದೂವರೆ ಗ್ರಾಂ. ಔಷಧಿ ಇಮ್ಮಡಿ, ಫಲ ಆರು ಪಟ್ಟಿಗೂ ಹೆಚ್ಚು. ಹೊಸ್ತಿಲು ದಾಟುವುದೆಂದರೆ ಇದು.

ಎರಡನೆಯ ದಿನ 160 ಅನ್ನು ಎರಡು ಬಾರಿ ಕೊಟ್ಟಾಗ 2.6 ಲೀಟರ್ ಮೂತ್ರವಾಗಿ ಮೂರನೆಯ ಬೆಳಿಗ್ಗೆ ತೂಕ 71.6ಕ್ಕೆ ಬಂತು. ಮೂರನೆಯ ದಿನ ಅದೇ ಪ್ರಮಾಣಕ್ಕೆ ಬಂದದ್ದು 1.5 ಲೀಟರ್ ಮಾತ್ರ. ತೂಕ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಔಷಧಿ ಲೂಪ್ ತಲುಪುತ್ತಿದೆ, ಆದರೆ ಹಕ್ಕಲಿನವರು ಆಯ್ದುಕೊಳ್ಳುತ್ತಿದ್ದಾರೆ. ಇನ್ನು ಲ್ಯಾಸಿಕ್ಸ್ ಏರಿಸಿ ಲಾಭವಿಲ್ಲ, ಹಕ್ಕಲಿನವರನ್ನೇ ತಡೆಯಬೇಕು. ನಾಲ್ಕನೆಯ ಬೆಳಿಗ್ಗೆ ಇಂಜೆಕ್ಷನ್ನಿಗೆ ಅರ್ಧ ಗಂಟೆ ಮುಂಚೆ, ಲೂಪಿನ ಮುಂದಿನ ಭಾಗವನ್ನು ತಡೆಯುವ ಮೆಟೊಲಜೋನ್ 2.5 ಮಿ.ಗ್ರಾಂ ಮಾತ್ರೆ ಕೊಟ್ಟರು. ಅಂದು 3.4 ಲೀಟರ್ ಮೂತ್ರ, ಮರುಬೆಳಿಗ್ಗೆ ತೂಕ 69.

ಈ ಜೋಡಿ ಔಷಧಿಗೆ ಕೈ ಹಾಕಿದರೆ ರಕ್ತಪರೀಕ್ಷೆ ದಿನವೂ ಬೇಕು. ಐದನೆಯ ದಿನ ಪೊಟ್ಯಾಸಿಯಂ 3.1ಕ್ಕೆ ಇಳಿದಿತ್ತು. ಇಷ್ಟು ಇಳಿದರೆ ಬಡಿತದ ಲಯ ತಪ್ಪುವ ಭಯವಿದೆ. ಪೊಟ್ಯಾಸಿಯಂ ಸಿರಪ್ ಕೊಟ್ಟು, ಮೆಟೊಲಜೋನ್ ಒಂದು ದಿನ ಬಿಟ್ಟು, ಆಮೇಲೆ ದಿನ ಬಿಟ್ಟು ದಿನ ಮುಂದುವರಿಸಿದರು. ರಕ್ತದ ಸೋಡಿಯಂ ಮೊದಲೇ ಕಡಿಮೆ ಇದ್ದವರಿಗೆ ಮೆಟೊಲಜೋನ್ ಅದನ್ನು ಮತ್ತಷ್ಟು ಇಳಿಸುವುದರಿಂದ ಬೇರೆ ದಾರಿ ನೋಡುತ್ತಾರೆ. ನಾಳದ ಮೊದಲ ಭಾಗವನ್ನು ತಡೆಯುವ ಅಸಿಟಜೋಲಮೈಡ್ ಅಂಥದೊಂದು. ಬೆಲ್ಜಿಯಂನಲ್ಲಿ 519 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲೂಪ್ ಔಷಧಿಯ ಜೊತೆಗೆ ಇದನ್ನೂ ಪಡೆದವರಲ್ಲಿ ಶೇ 42 ಮಂದಿಯ ಊತ ಮೂರು ದಿನದಲ್ಲಿ ಇಳಿಯಿತು, ಪಡೆಯದವರಲ್ಲಿ ಶೇ 30ರಷ್ಟು.

## ಏರಿದ ಕ್ರಿಯಾಟಿನಿನ್ ಓದುವುದು ಹೇಗೆ

ಅದೇ ಐದನೆಯ ದಿನ ಕ್ರಿಯಾಟಿನಿನ್ 2.3 ಆಯಿತು. ಸಂಖ್ಯೆಯನ್ನೊಂದೇ ನೋಡಿದರೆ ಔಷಧಿ ನಿಲ್ಲಿಸಬೇಕೆನಿಸುತ್ತದೆ. ಆದರೆ ರೋಗಿಯನ್ನು ನೋಡಿದರೆ ಕುತ್ತಿಗೆಯ ನರ ಅರ್ಧಕ್ಕೆ ಇಳಿದಿದೆ, ಮೂರು ದಿಂಬಿನ ಬದಲು ಒಂದರಲ್ಲಿ ಮಲಗುತ್ತಿದ್ದಾರೆ, ಮೂತ್ರ ಚೆನ್ನಾಗಿ ಬರುತ್ತಿದೆ. ಊತ ಇಳಿಯುತ್ತಿರುವಾಗ ಕ್ರಿಯಾಟಿನಿನ್ ಸ್ವಲ್ಪ ಏರುವುದು ಸಾಮಾನ್ಯ, ಮತ್ತು ಬಹುಪಾಲು ಅದು ಕಿಡ್ನಿಯ ಕೋಶಗಳಿಗೆ ಆದ ಗಾಯವಲ್ಲ. ರಕ್ತನಾಳದೊಳಗಿನ ನೀರು ಹೊರಹೋದಷ್ಟೇ ವೇಗವಾಗಿ ಅಂಗಾಂಶದ ನೀರು ಒಳಬರದಿದ್ದಾಗ ಸೋಸುವಿಕೆ ತಾತ್ಕಾಲಿಕವಾಗಿ ತಗ್ಗುತ್ತದೆ. ಇಲ್ಲಿ ಹೆದರಿ ನಿಲ್ಲಿಸಿ, 3 ಕಿಲೋ ಊತ ಉಳಿಸಿಕೊಂಡು ಮನೆಗೆ ಕಳಿಸಿದರೆ ಅವರು ಬೇಗನೇ ಮರಳಿ ಬರುವ ಸಾಧ್ಯತೆ ಹೆಚ್ಚು. ಈ ರೋಗದ ಆರೈಕೆಯಲ್ಲಿ ನಡೆಯುವ ದುಬಾರಿ ತಪ್ಪು ಇದೇ.

ಹಾಗೆಂದು ಪ್ರತಿ ಏರಿಕೆಯೂ ನಿರಪಾಯವಲ್ಲ. ಕ್ರಿಯಾಟಿನಿನ್ ಏರುತ್ತಿದೆ, ಮೂತ್ರ ಬರುತ್ತಿಲ್ಲ, ಊತವೂ ಇಳಿಯುತ್ತಿಲ್ಲ ಎಂದರೆ ಅದು ಕೆಟ್ಟ ಸೂಚನೆ. ಕೈಕಾಲು ತಣ್ಣಗಾಗಿ, ಬಿ.ಪಿ.ಯ ಮೇಲಿನ ಸಂಖ್ಯೆ 90ಕ್ಕಿಂತ ಕೆಳಗಿಳಿದು, ಮಂಪರು ಕವಿದರೆ ಮುಂದಿನ ಹರಿವೇ ಕುಸಿದಿದೆ. ಆಗ ಡೊಬುಟಮಿನ್‌ನಂಥ ಹೃದಯಕ್ಕೆ ಬಲ ಕೊಡುವ ಔಷಧಿ ಬೇಕು, ಲ್ಯಾಸಿಕ್ಸ್ ಒಂದರಿಂದಲೇ ಆಗದು. ಇದಕ್ಕೆ ವಿರುದ್ಧವಾಗಿ ಕುತ್ತಿಗೆಯ ನರ ಪೂರ್ತಿ ಇಳಿದು, ಎದ್ದು ನಿಂತರೆ ತಲೆ ಸುತ್ತಿ, ಯೂರಿಯಾ ಕ್ರಿಯಾಟಿನಿನ್ನಿಗಿಂತ ವೇಗವಾಗಿ ಏರಿದರೆ ನೀರು ಬೇಕಾದದ್ದಕ್ಕಿಂತ ಹೆಚ್ಚೇ ಹೋಗಿದೆ. ಅಲ್ಲಿ ಪ್ರಮಾಣ ಇಳಿಸಬೇಕು.

ಔಷಧಿ ಬಿಟ್ಟು ಯಂತ್ರದಿಂದಲೇ ನೀರು ತೆಗೆಯಬಾರದೇ ಎಂದು ಕೇಳುವವರಿದ್ದಾರೆ. ಡಯಾಲಿಸಿಸ್‌ಗೆ ಹತ್ತಿರದ ಈ ವಿಧಾನಕ್ಕೆ ಅಲ್ಟ್ರಾಫಿಲ್ಟ್ರೇಶನ್ ಎನ್ನುತ್ತಾರೆ. ಇಂಥದೇ ರೋಗಿಗಳಲ್ಲಿ ಅದನ್ನೂ ಹಂತಹಂತವಾಗಿ ಏರಿಸುವ ಔಷಧಿಯನ್ನೂ ಹೋಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೂಕ ಇಳಿದದ್ದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಯಂತ್ರದ ಗುಂಪಿನಲ್ಲಿ ಕ್ರಿಯಾಟಿನಿನ್ ಹೆಚ್ಚು ಏರಿತು, ತೊಡಕುಗಳೂ ಹೆಚ್ಚಾದವು. ಹಾಗಾಗಿ ಅದು ಔಷಧಿಗಳೆಲ್ಲ ಸೋತ ಮೇಲಿನ ದಾರಿಯಾಗಿ ಉಳಿದಿದೆ.

ನಮ್ಮ ಉದಾಹರಣೆಯಲ್ಲಿ ಎಂಟನೆಯ ದಿನ ತೂಕ 66.3, ಕ್ರಿಯಾಟಿನಿನ್ 1.7. ಹಳೆಯ 1.4ಕ್ಕೆ ಮರಳಲು ವಾರಗಳು ಬೇಕಾಗಬಹುದು, ಕೆಲವರಲ್ಲಿ ಮರಳುವುದೇ ಇಲ್ಲ. ವರ್ಷಗಳ ಸಕ್ಕರೆ ಕಾಯಿಲೆಯಿಂದಲೋ ಬಿ.ಪಿ.ಯಿಂದಲೋ ಕಿಡ್ನಿ ಮೊದಲೇ ಕುಗ್ಗಿದ್ದರೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಹಿನ್ನೀರು ಇಳಿಸಿದರೂ ಆ ಹಳೆಯ ಹಾನಿ ಉಳಿಯುತ್ತದೆ.

## ಮನೆಗೆ ಬಂದ ಮೇಲೆ

ಉದಾಹರಣೆಯ ರೋಗಿಗೆ ಬರೆದುಕೊಟ್ಟದ್ದು ಬೆಳಿಗ್ಗೆ ಟಾರ್ಸೆಮೈಡ್ 40 ಮಿ.ಗ್ರಾಂ. ಬಾಯಿಯಿಂದ ತೆಗೆದುಕೊಳ್ಳುವ ಫ್ಯೂರೋಸಮೈಡ್ 80ಕ್ಕೆ ಇದು ಸಮ. ಜೊತೆಗೆ ಡಪಾಗ್ಲಿಫ್ಲೋಜಿನ್ 10 ಮಿ.ಗ್ರಾಂ. ಸಕ್ಕರೆ ಕಾಯಿಲೆಗೆಂದು ಬಂದ ಈ ಔಷಧಿ ಈಗ ಸಕ್ಕರೆ ಇಲ್ಲದವರಿಗೂ ಹೃದಯ ಮತ್ತು ಕಿಡ್ನಿ ಎರಡನ್ನೂ ಕಾಯಲು ಬಳಕೆಯಲ್ಲಿದೆ. ಶುರುವಿನಲ್ಲಿ ಇದೂ ಕ್ರಿಯಾಟಿನಿನ್ ಅನ್ನು ತುಸು ಏರಿಸುತ್ತದೆ, ಸಾಮಾನ್ಯವಾಗಿ ಆ ಕಾರಣಕ್ಕೆ ನಿಲ್ಲಿಸುವುದಿಲ್ಲ. ಒಂದು ವಾರದೊಳಗೆ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಮತ್ತೆ ನೋಡಿಸಬೇಕು.

ಮನೆಯಲ್ಲಿ ಇರಲೇಬೇಕಾದ ಸಾಧನ ತೂಕದ ಯಂತ್ರ. ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ, ಒಂದೇ ಬಗೆಯ ಬಟ್ಟೆಯಲ್ಲಿ ತೂಗಿ ಕ್ಯಾಲೆಂಡರಿನಲ್ಲಿ ಬರೆಯಬೇಕು. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಮೈತುಂಬಿದ್ದಲ್ಲ, 18 ಗ್ರಾಂ ಉಪ್ಪು ಮತ್ತು 2 ಲೀಟರ್ ನೀರು. ಪಾದ ಊದುವುದು ಎಷ್ಟೋ ಸಲ ಆಮೇಲೆ. ಕಾಯದೆ ವೈದ್ಯರಿಗೆ ಫೋನ್ ಮಾಡಬೇಕು.

ದಿನದ ಉಪ್ಪು ಎಲ್ಲ ಸೇರಿ ಒಂದು ಟೀ ಚಮಚ, ಸುಮಾರು 5 ಗ್ರಾಂ. ಸಾರು, ಪಲ್ಯಕ್ಕೆ ಹಾಕುವುದು ಮಾತ್ರವಲ್ಲ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಬೇಕರಿ ತಿಂಡಿ ಎಲ್ಲದರ ಉಪ್ಪೂ ಇದರೊಳಗೆ ಸೇರಬೇಕು. ಅಡುಗೆ ಸೋಡದಲ್ಲಿಯೂ, ಹೊಟ್ಟೆಯುಬ್ಬರಕ್ಕೆ ಕುಡಿಯುವ ನೊರೆ ಪುಡಿಗಳಲ್ಲಿಯೂ ಸೋಡಿಯಂ ಇದೆ. ಉಪ್ಪಿನ ಬದಲಿಗೆಂದು ಮಾರುವ 'ಲೋ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಕಿಡ್ನಿ ಸೋತವರು, ಅದರಲ್ಲೂ ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ಅದನ್ನು ವೈದ್ಯರನ್ನು ಕೇಳದೆ ಬಳಸಬಾರದು. ಎಳನೀರಿನಲ್ಲಿಯೂ ಪೊಟ್ಯಾಸಿಯಂ ಹೆಚ್ಚು.

ವಾಂತಿ, ಭೇದಿ ಹಿಡಿದ ದಿನ ಲೆಕ್ಕ ತಲೆಕೆಳಗಾಗುತ್ತದೆ. ದೇಹ ಆಗಲೇ ಉಪ್ಪುನೀರು ಕಳೆದುಕೊಳ್ಳುತ್ತಿರುವಾಗ ಟಾರ್ಸೆಮೈಡ್, ಡಪಾಗ್ಲಿಫ್ಲೋಜಿನ್ ಮುಂದುವರಿಸಿದರೆ ಕಿಡ್ನಿಗೆ ನಿಜವಾದ ಬರ ಬರುತ್ತದೆ. ಅಂಥ ದಿನ ಯಾವುದನ್ನು ನಿಲ್ಲಿಸಬೇಕು, ಎಷ್ಟು ದಿನ, ಮತ್ತೆ ಯಾವಾಗ ಶುರು ಮಾಡಬೇಕು ಎಂಬುದನ್ನು ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಬೇಕು. ಅದೇ ಚೀಟಿಯ ಮೇಲೆ ಊತವಿಲ್ಲದ ತೂಕವೂ ಇರಲಿ: ಇವರಿಗೆ 66 ಕಿಲೋ.